ನಾಲ್ಕು ಸಲ ಬರೆದ ತಪ್ಪು

ನನ್ನ ಜೀವಶಾಸ್ತ್ರದ ನೋಟ್‌ಬುಕ್ಕನ್ನು ಮುಟ್ಟುವ ಮೊದಲು ನಮ್ಮ ಕ್ಲಾಸಿನ ಹುಡುಗಿಯರು ಕೈ ತೊಳೆದುಕೊಳ್ಳುತ್ತಿದ್ದರು. ಒಬ್ಬಳಂತೂ ಚಪ್ಪಲಿ ಬಿಟ್ಟು ಬಂದಳು. ಚಪ್ಪಲಿಯ ಮಾತು ನಾನು ಈಗ ಸೇರಿಸಿದ್ದು. ಕೈ ತೊಳೆದದ್ದು ನಿಜ. ಅವಳು ಆಗಷ್ಟೇ ಮಿರ್ಚಿ ಭಜಿ ತಿಂದಿದ್ದಳು, ನಾನೇ ನಳದ ಕಡೆ ಅಟ್ಟಿದ್ದೆ.

ಆ ನೋಟ್ಸಿನಲ್ಲಿ ಏಳು ಬಣ್ಣಗಳಿದ್ದವು. ತಲೆಬರಹ ನೇರಳೆ, ಉಪತಲೆಬರಹ ಹಸಿರು, ವ್ಯಾಖ್ಯೆಗಳಿಗೆ ಕೆಂಪು ಚೌಕಟ್ಟು, ಚೌಕಟ್ಟಿನ ಮೂಲೆಗೆ ಒಂದು ಬಳ್ಳಿ, ಬಳ್ಳಿಗೆ ಒಂದು ಹೂ. ಕಪ್ಪೆಯ ಚಿತ್ರ ಎಷ್ಟು ಚೆಂದ ಬಂದಿತ್ತೆಂದರೆ ನಮ್ಮ ಮನೆಯ ಬೆಕ್ಕು ಆ ಪುಟದ ಮೇಲೆ ಎರಡು ಸಲ ಹಾರಿತ್ತು. ಪರೀಕ್ಷೆ ಬರಲಿ, ಹಬ್ಬ ಬರಲಿ, ಕ್ಲಾಸಿನ ಎಲ್ಲರೂ ನನ್ನ ನೋಟ್ಸನ್ನೇ ಝೆರಾಕ್ಸ್ ಮಾಡಿಸುತ್ತಿದ್ದರು. ಝೆರಾಕ್ಸಿನಲ್ಲಿ ಏಳು ಬಣ್ಣವೂ ಕಪ್ಪಾಗಿ ಬರುತ್ತಿತ್ತು ಎನ್ನುವುದೊಂದೇ ನನಗಿದ್ದ ದುಃಖ.

ನಮ್ಮೂರು ಮಟಕಿ. ಕಾಲೇಜು ಆಳಂದದಲ್ಲಿ. ಹತ್ತರವರೆಗೆ ಕನ್ನಡದಲ್ಲಿ ಓದಿ ಪಿಯುಸಿಗೆ ವಿಜ್ಞಾನ ತಗೊಂಡವರಿಗೆ ಏನಾಗುತ್ತದೆ ಎಂದು ಗೊತ್ತಿರುವವರಿಗೆ ಗೊತ್ತು. ನಿನ್ನೆಯವರೆಗೆ ಎರೆಹುಳ ಎರೆಹುಳವಾಗಿತ್ತು. ಇವತ್ತು ಅದು ಅನೆಲಿಡಾ ವಂಶದ್ದು, ಅದಕ್ಕೆ ಮೈಯೆಲ್ಲ ಖಂಡಗಳು, ಖಂಡಕ್ಕೊಂದು ಇಂಗ್ಲಿಷ್ ಹೆಸರು. ಲೆಕ್ಕ ಮಾಡಿ ತಪ್ಪಿಸಿಕೊಳ್ಳುವ ವಿಷಯವಲ್ಲ ಇದು. ಸೂತ್ರ ಗೊತ್ತಿದ್ದರೆ ಉತ್ತರ ತಾನೇ ಬರುವುದಿಲ್ಲ. ತಲೆಯಲ್ಲಿ ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ.

ಆದರೂ ನಾನು ಡಾಕ್ಟರ್ ಆಗುತ್ತೇನೆಂದು ಊರಲ್ಲಿ ಸಾರಿಬಿಟ್ಟಿದ್ದೆ. ಪಿಯುಸಿ ಮೊದಲ ತಿಂಗಳಲ್ಲೇ ಊರಬಾಗಿಲಿನ ಅಗಸಿ ಕಟ್ಟೆಯ ಮುದುಕರು ನನಗೆ ಮೊಣಕಾಲು ತೋರಿಸತೊಡಗಿದ್ದರು. ನಾನೂ ಬಗ್ಗಿ ನೋಡಿ, "ಎಣ್ಣಿ ಹಚ್ಚರಿ, ಬಿಸಿಲಿಗೆ ಕೂಡ್ರಿ" ಎಂದು ಗಂಭೀರವಾಗಿ ಹೇಳಿ ಬರುತ್ತಿದ್ದೆ. ಇಬ್ಬರಿಗೆ ವಾಸಿಯೂ ಆಗಿತ್ತು. ಹಾಗೆಂದು ಅವರು ಹೇಳಿಲ್ಲ, ನನಗೆ ಅನ್ನಿಸಿತ್ತು.

ಅಂಥ ನನಗೆ ಆ ವರ್ಷದ ಕೊನೆಯಲ್ಲಿ ನಿಜವಾಗಿ ಬೇಕಾಗಿದ್ದದ್ದು ಒಂದು ಸೀಟು. ಅಫಜಲಪುರದಲ್ಲಿ ನಿವೃತ್ತ ಮೇಷ್ಟ್ರೊಬ್ಬರು ಭಾನುವಾರ ಭಾನುವಾರ ವೈದ್ಯಕೀಯ ಪ್ರವೇಶ ಪರೀಕ್ಷೆಗೆ ಪುಕ್ಕಟೆ ಪಾಠ ಹೇಳುತ್ತಿದ್ದರು. ಅವರ ಮನೆಯ ಪಡಸಾಲೆಯಲ್ಲಿ ಹಿಡಿಸುವಷ್ಟೇ ಮಕ್ಕಳು, ಕಾಲೇಜಿಗೆ ಒಬ್ಬರು. ನಮ್ಮ ಜೀವಶಾಸ್ತ್ರದ ಮೇಡಂ ಅಫಜಲಪುರದವರೇ, ಆ ಮೇಷ್ಟ್ರ ಹಳೆಯ ಶಿಷ್ಯೆ. ಒಂದು ದಿನ ಹಾಜರಿ ಪುಸ್ತಕ ಮುಚ್ಚುತ್ತ ಹೇಳಿದರು.

"ಒಂದೇ ಸೀಟ್ ಅದ. ಮೂವತ್ತೈದು ಅಂಕದ ಪರೀಕ್ಷಾ ಇಡ್ತೀನಿ. ಪ್ರಾಣಿ ಸಾಮ್ರಾಜ್ಯ, ಮೂತ್ರಪಿಂಡ, ಹಾರ್ಮೋನು, ಮೂರು ಪಾಠ. ಯಾರಿಗೆ ಹೆಚ್ಚು ಬರ್ತದೋ ಅವರ ಹೆಸರು ಕಳಸ್ತೀನಿ. ಆಮ್ಯಾಲ ನನ್ನ ಮುಂದ ಅಳೋದು ಕರಿಯೋದು ನಡೆಂಗಿಲ್ಲ."

ಎಲ್ಲರೂ ನನ್ನ ಕಡೆ ತಿರುಗಿದರು. ನಾನು ಹಸೆಮಣೆಯ ಮದುಮಗಳ ಹಾಗೆ ತಲೆ ತಗ್ಗಿಸಿದೆ. ಮೂರು ಪಾಠ ಅಂದರೆ ನನ್ನ ನೋಟ್ಸಿನಲ್ಲಿ ಅರವತ್ತು ಹೂವು.

ನಾವು ಮೂವರು ಒಂದೇ ಬೆಂಚಿನವರು. ಒಬ್ಬಳು ಜೇವರ್ಗಿಯವಳು, ಆಳಂದದಲ್ಲಿ ಅತ್ತೆಯ ಮನೆಯಲ್ಲಿದ್ದು ಓದುತ್ತಿದ್ದಳು. ನನ್ನ ಜೀವದ ಗೆಳತಿ ಎಂದು ಆಗ ಹೇಳುತ್ತಿದ್ದೆ. ಇನ್ನೊಬ್ಬಳು ಆಳಂದದವಳೇ, ಟೇಲರನ ಮಗಳು, ಮನೆಯಲ್ಲಿ ಉರ್ದು, ನಮ್ಮ ಜೊತೆ ಕನ್ನಡ, ಸಿಟ್ಟು ಬಂದಾಗ ಎರಡೂ. ಅವಳ ಮನೆಯಲ್ಲಿ ಅವಳಿಗಿಂತ ಮುಂದೆ ಓದಿದವರು ಯಾರೂ ಇರಲಿಲ್ಲ. ಸೀಟು ಅವಳಿಗೂ ಬೇಕಿತ್ತು. ಅವಳು ನನ್ನ ಹಾಗೆ ಊರಿಗೆಲ್ಲ ಸಾರುತ್ತಿರಲಿಲ್ಲ, ಅಷ್ಟೇ ವ್ಯತ್ಯಾಸ.

ಮಧ್ಯಾಹ್ನ ರೊಟ್ಟಿ ಬುತ್ತಿ ಬಿಚ್ಚಿಕೊಂಡು ಕಾಲೇಜಿನ ಮೆಟ್ಟಿಲ ಮೇಲೆ ಕೂತಾಗ ಹೇಗೆ ಓದುವುದೆಂಬ ಚರ್ಚೆ ಬಂತು.

"ನಾ ಅಂತೂ ಮ್ಯಾಪೇ ಹಾಕ್ತೀನಿ," ಅಂದಳು ಟೇಲರನ ಮಗಳು. ಅವಳು ಮೈಂಡ್ ಮ್ಯಾಪ್ ಹಾಕುವುದನ್ನು ಫೋನಿನಲ್ಲಿ ನೋಡಿ ಕಲಿತಿದ್ದಳು. ಅಪ್ಪ ಬಟ್ಟೆ ಕತ್ತರಿಸುವ ಮುಂಚೆ ಗೆರೆ ಹಾಕುವ ದೊಡ್ಡ ಕಂದು ಕಾಗದದ ತುಂಡುಗಳನ್ನೇ ತರುತ್ತಿದ್ದಳು. ನಡುವೆ ಒಂದು ವೃತ್ತ, ಅದರೊಳಗೆ 'ಪ್ರಾಣಿಗಳು'. ಅಲ್ಲಿಂದ ಕೊಂಬೆಗಳು. ಬೆನ್ನೆಲುಬು ಇಲ್ಲದವು ಈ ಕಡೆ, ಇರುವವು ಆ ಕಡೆ. ಪ್ರತಿ ಕೊಂಬೆಗೆ ಕಿರುಕೊಂಬೆ, ಕಿರುಕೊಂಬೆಗೆ ಒಂದೊಂದೇ ಮಾತು.

"ಒಂದೊಂದೇ ಮಾತಿಗೆ ಯಾರ್ ಬೇ ಅಂಕ ಕೊಡ್ತಾರ?" ಅಂದೆ ನಾನು.

"ಅರೇ, ಯಾವುದರ ಬಾಜೂಕ ಯಾವುದು ಅದ ಅಂತ ಗೊತ್ತಾದ್ರ ಉಳದಿದ್ದು ತಾನೇ ಬರ್ತದ. ನೀನೇ ಹೇಳು, ನಕ್ಷತ್ರ ಮೀನು ಮೀನೋ ಅಲ್ಲೋ?"

ನನಗೆ ಅದರ ಚಿತ್ರ ನೆನಪಿತ್ತು, ಬಲಗಡೆ ಪುಟದಲ್ಲಿ ಕಿತ್ತಳೆ ಬಣ್ಣದಲ್ಲಿ ಬರೆದಿದ್ದೆ. ಮೀನೋ ಅಲ್ಲವೋ ಎನ್ನುವುದು ಆ ಕ್ಷಣಕ್ಕೆ ಬರಲಿಲ್ಲ. "ರೊಟ್ಟಿ ಒಣಗ್ತದ, ತಿನ್ನು ಮೊದ್ಲು," ಅಂದೆ.

ಅವಳ ಮ್ಯಾಪಿನ ಗುಟ್ಟು ನನಗೆ ಬಹಳ ದಿನ ತಿಳಿದಿರಲಿಲ್ಲ. ಒಂದು ಸಲ ಹಾಕಿ ಗೋಡೆಗೆ ಅಂಟಿಸಿ ಸುಮ್ಮನಾಗುತ್ತಿರಲಿಲ್ಲ ಅವಳು. ಮರುದಿನ ಅದನ್ನು ಮಡಚಿಟ್ಟು, ಖಾಲಿ ಕಾಗದದ ಮೇಲೆ ನೋಡದೆ ಮತ್ತೆ ಹಾಕುತ್ತಿದ್ದಳು. ಬಿಟ್ಟುಹೋದ ಕೊಂಬೆಯನ್ನು ಆಮೇಲೆ ಅಪ್ಪನ ಸೀಮೆಸುಣ್ಣದಲ್ಲಿ ಸೇರಿಸುತ್ತಿದ್ದಳು. ನಾನು ಒಂದು ಮ್ಯಾಪ್ ಹಾಕಲು ಹೋಗಿ ಅರ್ಧ ದಿನ ಕೊಂಬೆಗಳಿಗೆ ಎಲೆ ಬರೆಯುತ್ತ ಕೂತೆ. ಎಲೆ ಆದ ಮೇಲೆ ಹಕ್ಕಿ ಬರೆದೆ. ಸಂಜೆಗೆ ಗಿಡ ತುಂಬಿತ್ತು, ಪಾಠ ಬುಡದಲ್ಲೇ ಇತ್ತು.

ಜೇವರ್ಗಿಯವಳದ್ದು ಇನ್ನೊಂದೇ ಕಥೆ. ಅವಳ ನೋಟ್‌ಬುಕ್ ನೋಡಿದರೆ ಅಳು ಬರಬೇಕು. ಪುಟವನ್ನು ಉದ್ದಕ್ಕೆ ಮಡಚಿ ಗೆರೆ ಮಾಡಿದ್ದಳು. ಎಡಕ್ಕೆ ಪ್ರಶ್ನೆ, ಬಲಕ್ಕೆ ಉತ್ತರ, ಅದೂ ಕೋಳಿ ಕೆರೆದ ಅಕ್ಷರ. 'ಟೀನೋಫೋರಾ ಯಾಕ ಸೀಲೆಂಟರೇಟಾದಾಗ ಇಲ್ಲ?' 'ನೀರು ಕುಡಿಲಿಲ್ಲಂದ್ರ ಎಡಿಎಚ್ ಹಾರ್ಮೋನು ಏರ್ತದೋ ಇಳೀತದೋ?' ಉತ್ತರದ ಭಾಗವನ್ನು ಹಿಂದಕ್ಕೆ ಮಡಚಿ, ಎಡಗಡೆ ಓದಿ, ಬಾಯಲ್ಲಿ ಗುಣುಗುಣಿಸಿ, ಆಮೇಲೆ ತೆರೆದು ನೋಡುತ್ತಿದ್ದಳು. ತಪ್ಪಿದ್ದರೆ ಪ್ರಶ್ನೆಯ ಮುಂದೆ ಒಂದು ಚುಕ್ಕೆ. ಚುಕ್ಕೆ ಇರುವವನ್ನು ನಾಳೆ ಮತ್ತೆ, ಇಲ್ಲದವನ್ನು ನಾಲ್ಕು ದಿನ ಬಿಟ್ಟು.

ಒಂದು ದಿನ ಅವಳೇ ನನಗೆ ಹತ್ತು ಪ್ರಶ್ನೆ ಕೇಳಿದಳು. ನಾನು ಮೂರಕ್ಕೆ ಉತ್ತರ ಹೇಳಿದೆ, ನಾಲ್ಕನೆಯದಕ್ಕೆ ಕೆಮ್ಮಿದೆ, ಐದನೆಯದಕ್ಕೆ ಬಸ್ಸು ಬಂತೆಂದು ಎದ್ದೆ. ಬಸ್ಸಿಗೆ ಇನ್ನೂ ಮುಕ್ಕಾಲು ಗಂಟೆ ಇತ್ತು.

ಬಸ್ ಸ್ಟ್ಯಾಂಡಿನವರೆಗೂ ಅವಳು ಹಿಂದೆಯೇ ಬಂದಳು.

"ಇದರಾಗ ಬರೇ ನನಗ ಏನ್ ಬರಂಗಿಲ್ಲ ಅನ್ನೋದೇ ಕಾಣತದ. ಮನಸ್ಸೇ ಮುರೀತದ ಬೇ," ಅಂದೆ.

"ಹೌದು ಮತ್ತ. ನಿನಗ ಇದು ಒಗ್ಗಂಗಿಲ್ಲ," ಅಂದಳು ಅವಳು, ಎಷ್ಟು ಪ್ರೀತಿಯಿಂದ! "ನಿನ್ನ ಕೈಯಾಗ ಕಲಾ ಅದ. ನೀ ಬರದ್ರನ ನಿನ್ನ ತಲೀಗೆ ಹೋಗ್ತದ. ಒಂದ್ ಸಲ ಬರಿ, ಎರಡ್ ಸಲ ಬರಿ, ಅಚ್ಚು ಒತ್ತಿದಂಗ ಕೂಡತದ. ನಮ್ಮಂಥಾ ಅಕ್ಷರಗೇಡಿಗಳಿಗೆ ಈ ಪ್ರಶ್ನಿ ಗಿಶ್ನಿ."

ಅವಳ ಬಾಯಿಗೆ ಸಕ್ಕರೆ ಹಾಕಬೇಕು ಎನ್ನಿಸಿತು. ಅಂದೇ ಹೊಸ ನೋಟ್‌ಬುಕ್ ತಗೊಂಡೆ.

ಈಗ ನನ್ನದೇ ಒಂದು ಕಿತಾಪತಿಯ ಮಾತು ಹೇಳಬೇಕು. ಇದಕ್ಕೂ ಎರಡು ತಿಂಗಳ ಹಿಂದಿನದು. ಎಲ್ಲರೂ ನನ್ನ ನೋಟ್ಸ್ ಓದಿಯೇ ಪಾಸಾಗುತ್ತಾರೆ, ಆದರೆ ಒಬ್ಬರೂ ಅದನ್ನು ಬಾಯಿಬಿಟ್ಟು ಹೇಳುವುದಿಲ್ಲ ಎಂಬ ಸಂಕಟ ನನಗಿತ್ತು. ಸಾಕ್ಷಿ ಬೇಕಿತ್ತು. ಹಾರ್ಮೋನಿನ ಪಾಠವನ್ನು ಕ್ಲಾಸಿನ ಕಚ್ಚಾ ಪುಸ್ತಕದಿಂದ ನೀಟಾಗಿ ಬರೆಯುವಾಗ ಒಂದು ಬಲೆ ಹಾಕಿದೆ. ಮೇದೋಜೀರಕ ಗ್ರಂಥಿಯಲ್ಲಿ ಎರಡು ಥರದ ಕೋಶಗಳಿವೆ. ಆಲ್ಫಾ ಕೋಶ ಗ್ಲುಕಗಾನ್ ಕೊಡುತ್ತದೆ, ಅದು ರಕ್ತದ ಸಕ್ಕರೆ ಏರಿಸುತ್ತದೆ. ಬೀಟಾ ಕೋಶ ಇನ್ಸುಲಿನ್ ಕೊಡುತ್ತದೆ, ಅದು ಇಳಿಸುತ್ತದೆ. ನಾನು ಬೇಕೆಂದೇ ಅವೆರಡನ್ನು ಅದಲುಬದಲು ಮಾಡಿ, ಆಲ್ಫಾಕ್ಕೆ ಇನ್ಸುಲಿನ್, ಬೀಟಾಕ್ಕೆ ಗ್ಲುಕಗಾನ್ ಎಂದು ಕೆಂಪು ಚೌಕಟ್ಟಿನೊಳಗೆ ಬರೆದೆ. ಎರಡು ಹೂವು ಹೆಚ್ಚಿಗೆ ಹಾಕಿದೆ. ಯಾವತ್ತಾದರೂ ಪರೀಕ್ಷೆಯಲ್ಲಿ ಇಡೀ ಕ್ಲಾಸು ಈ ತಪ್ಪನ್ನೇ ಬರೆದಾಗ ಎದ್ದು ನಿಂತು, "ನೋಡ್ರಿ ಮೇಡಂ, ಎಲ್ಲಾರೂ ನನ್ನ ಅನ್ನಾನೇ ಉಣ್ಣಾಕತ್ತಾರ" ಎನ್ನುವುದು ನನ್ನ ಯೋಜನೆ. ನನ್ನ ಮಟ್ಟಿಗೆ ಸರಿಯಾದದ್ದು ಕಚ್ಚಾ ಪುಸ್ತಕದಲ್ಲಿತ್ತು.

ಝೆರಾಕ್ಸ್ ಅಂಗಡಿ ಸುತ್ತಿ ಎರಡು ವಾರದ ಮೇಲೆ ನೋಟ್‌ಬುಕ್ ವಾಪಸು ಬಂತು. ಮೇಲೆಲ್ಲ ಎಣ್ಣೆಯ ಕಲೆ. ಕಲೆ ಬಿದ್ದ ನೋಟ್ಸ್ ಇಟ್ಟುಕೊಳ್ಳುವವಳೇ ನಾನು? ಮತ್ತೆ ಬರೆಯಲು ಕೂತೆ. ಕಚ್ಚಾ ಪುಸ್ತಕ ಹುಡುಕಿದರೆ ಅವ್ವ ಅದರ ಹಾಳೆ ಕಿತ್ತು ಶೇಂಗಾ ಚಟ್ನಿಪುಡಿಯ ಪೊಟ್ಟಣ ಕಟ್ಟಿ ಬೀಗರ ಮನೆಗೆ ಕಳಿಸಿಯಾಗಿತ್ತು. ಇರಲಿ ಎಂದು ಕಲೆಯ ಪುಸ್ತಕವನ್ನೇ ನೋಡಿ ಬರೆದೆ. ಅದು ಎರಡನೆಯ ಸಲ. ಜೇವರ್ಗಿಯವಳ ಮಾತು ಕೇಳಿ ಸೀಟಿನ ಪರೀಕ್ಷೆಗೆಂದು ಮೂರನೆಯ ಸಲ, ನಾಲ್ಕನೆಯ ಸಲ. ಪಠ್ಯಪುಸ್ತಕ ನನ್ನ ಬಳಿ ಇತ್ತು. ಹೊಚ್ಚ ಹೊಸದು, ಹೊದಿಕೆ ಹಾಕಿ, ಹೆಸರಿನ ಚೀಟಿ ಅಂಟಿಸಿ, ಯಾರೂ ತೆರೆಯದ ಹಾಗೆ ಇಟ್ಟಿದ್ದೆ.

ನೀವು ಕೇಳಬಹುದು, ಬಲೆ ಹಾಕಿದವಳಿಗೆ ಬಲೆ ನೆನಪಿರಲಿಲ್ಲವೇ? ಇತ್ತು. ಅದನ್ನು ಹಾಕಿದ್ದು ಮೂತ್ರಪಿಂಡದ ಪಾಠದಲ್ಲಿ ಎಂದು ನೆನಪಿತ್ತು. ಆ ಪಾಠವನ್ನು ಮೂರು ಸಲ ಜಾಲಾಡಿ, ತಪ್ಪೇ ಸಿಗದೆ, ನನ್ನ ಜಾಣತನಕ್ಕೆ ನಾನೇ ಬೆರಗಾಗಿದ್ದೆ. ಇನ್ನು ಹಾರ್ಮೋನಿನ ಪಾಠ ಬರೆಯುವಾಗ ಕೈ ಬರೆಯುತ್ತಿತ್ತು, ಕಣ್ಣು ಗೆರೆ ನೇರ ಇದೆಯೇ ನೋಡುತ್ತಿತ್ತು, ಕಿವಿ ಅವ್ವ ಹಚ್ಚಿದ ಧಾರಾವಾಹಿಯ ಮೇಲಿತ್ತು. ಆ ಧಾರಾವಾಹಿಯಲ್ಲಿ ಸೊಸೆ ಹಾಲಿಗೆ ಏನು ಬೆರೆಸಿದಳು ಎಂಬುದು ನನಗೆ ಇವತ್ತಿಗೂ ಸ್ಪಷ್ಟ. ಒಂದು ಲಾಭವಾಗಿದ್ದು ನಿಜ. ಉದ್ದುದ್ದ ಇಂಗ್ಲಿಷ್ ಹೆಸರುಗಳ ಕಾಗುಣಿತ ಬೆರಳಿಗೆ ಕೂತಿತ್ತು. ಆ ಹೆಸರು ಯಾರದ್ದು, ಏನು ಕೆಲಸ ಮಾಡುತ್ತದೆ ಎಂದರೆ ಬೆರಳಿಗೆ ಹೇಗೆ ಗೊತ್ತಾಗಬೇಕು?

ಪರೀಕ್ಷೆಯ ದಿನ ಪ್ರಯೋಗಾಲಯದಲ್ಲಿ, ಗಾಜಿನ ಭರಣಿಯೊಳಗಿನ ಹಾವಿನ ಎದುರಿಗೆ ನನಗೆ ಜಾಗ ಸಿಕ್ಕಿತು. ಹಾವು ನನ್ನನ್ನೇ ನೋಡುತ್ತಿತ್ತು. ಮೊದಲ ಪ್ರಶ್ನೆ, ಚಪ್ಪಟೆ ಹುಳಗಳ ಮೂರು ಲಕ್ಷಣ ಬರೆಯಿರಿ. ನನ್ನ ಕಣ್ಣ ಮುಂದೆ ಆ ಪುಟ ನಿಂತಿತು. ಎಡಗಡೆ, ಮೇಲಿಂದ ಮೂರನೆಯ ಸಾಲು, ಹಸಿರು ಶಾಯಿ, ಪಕ್ಕದಲ್ಲಿ ದಾಸವಾಳ. ದಾಸವಾಳಕ್ಕೆ ಐದು ದಳ. ಆ ಹಸಿರು ಸಾಲಿನಲ್ಲಿ ಏನಿತ್ತು? ಹಸಿರು ಇತ್ತು. ಹೀಗೆ ಪ್ರಶ್ನೆ ಮೇಲೆ ಪ್ರಶ್ನೆಗೆ ನನಗೆ ಜಾಗ ನೆನಪಾಯಿತು, ಬಣ್ಣ ನೆನಪಾಯಿತು, ಸಾಮಾನು ಸಿಗಲಿಲ್ಲ. ನಾಲ್ಕು ಸಲ ಬರೆದು ನಾನು ಇಡೀ ಊರಿನ ಓಣಿಗಳನ್ನು ಕಲಿತಿದ್ದೆ, ಒಂದು ಮನೆಯೊಳಗೂ ಹೋಗಿರಲಿಲ್ಲ.

ಕೊನೆಗೆ ಐದು ಅಂಕದ್ದು ಬಂತು. ಮೇದೋಜೀರಕ ಗ್ರಂಥಿ ರಕ್ತದ ಸಕ್ಕರೆಯನ್ನು ಹೇಗೆ ಹಿಡಿತದಲ್ಲಿಡುತ್ತದೆ, ಕೋಶಗಳ ಹೆಸರಿನೊಂದಿಗೆ ವಿವರಿಸಿ. ಜೀವ ಬಂತು! ಕೆಂಪು ಚೌಕಟ್ಟು, ಎರಡು ಹೆಚ್ಚಿನ ಹೂವು, ಒಳಗಿನ ಮಾತು ಸಮೇತ ನೆನಪಿತ್ತು. ಚೆಂದವಾಗಿ ಬರೆದೆ, ಅಡಿಗೆರೆ ಹಾಕಿದೆ. ಹಾವಿನ ಕಡೆ ನೋಡಿ ನಕ್ಕೆ ಕೂಡ.

ಮೂರು ದಿನದ ಮೇಲೆ ಮೇಡಂ ಉತ್ತರಪತ್ರಿಕೆಯ ಕಟ್ಟು ಹಿಡಿದು ಒಳಗೆ ಬಂದರು. ಕುರ್ಚಿಯ ಮೇಲೆ ಕೂಡಲಿಲ್ಲ.

"ಒಂದ್ ಮಾತು ಹೇಳ್ರಿ. ಆಲ್ಫಾ ಕೋಶಾ ಇನ್ಸುಲಿನ್ ಕೊಡ್ತದ ಅಂತ ನಿಮಗ ಯಾರು ಹೇಳಿದ್ರು? ನಾ ಹೇಳೀನೇನು?"

ಕೆಲವರು ಚೀಲದೊಳಗಿನ ಝೆರಾಕ್ಸ್ ಹಾಳೆಗಳನ್ನು ಇನ್ನಷ್ಟು ಒಳಗೆ ತಳ್ಳಿದರು.

"ಒಬ್ಬಾಕಿ ಅಲ್ಲ, ಇಬ್ಬರಲ್ಲ. ಹದಿನಾಲ್ಕು ಮಂದಿ! ಹದಿನಾಲ್ಕು ಮಂದಿ ಒಂದೇ ತಪ್ಪು, ಅದೇ ವಾಕ್ಯ, ಅಲ್ಲೇ ಕಾಮಾ. ಯಾವ ಪುಸ್ತಕದಾಗ ಅದ ಇದು? ತೋರಸ್ರಿ, ನಾನೂ ಓದತೀನಿ."

ನಾನು ಕಾದಿದ್ದ ಗಳಿಗೆ. ಎದ್ದು ನಿಂತು ಹೇಳಬೇಕಾಗಿದ್ದ ಮಾತು ಬಾಯಲ್ಲೇ ಇತ್ತು. ಆದರೆ ಹದಿನಾಲ್ಕರಲ್ಲಿ ಒಬ್ಬಳು ನಾನೇ ಎಂದು ಅಷ್ಟು ಹೊತ್ತಿಗೆ ಹೊಳೆದು, ಬೀಳದ ಪೆನ್ನನ್ನು ಹುಡುಕಲು ಬೆಂಚಿನ ಕೆಳಗೆ ಬಗ್ಗಿದೆ. ಹುಡುಗಿಯರು ಒಬ್ಬೊಬ್ಬರಾಗಿ ನನ್ನ ಕಡೆ ತಿರುಗಿದರು. ಸೀಟಿನ ಸುದ್ದಿ ಬಂದ ದಿನ ತಿರುಗಿದ್ದರಲ್ಲ, ಆ ಥರ ಅಲ್ಲ.

ಅಂಕ ಓದಿದರು. ಜೇವರ್ಗಿಯವಳಿಗೆ ಇಪ್ಪತ್ತೊಂಬತ್ತು. ಟೇಲರನ ಮಗಳಿಗೆ ಇಪ್ಪತ್ತೇಳು. ನನಗೆ ಹದಿನೇಳು.

"ಹೆಸರು ಇವತ್ತೇ ಕಳಸ್ತೀನಿ," ಅಂದರು ಮೇಡಂ. ಜೇವರ್ಗಿಯವಳು ತಲೆ ತಗ್ಗಿಸಿ ಬೆಂಚಿನ ಮರ ಕೆರೆಯುತ್ತಿದ್ದಳು.

ಟೇಲರನ ಮಗಳು ತನ್ನ ಪತ್ರಿಕೆಯ ಕೊನೆಯ ಪುಟ ತೆರೆದು ಬಹಳ ಹೊತ್ತು ನೋಡಿದಳು. ಐದಕ್ಕೆ ಒಂದು ಅಂಕ ಇತ್ತು. ಉಳಿದ ನಾಲ್ಕು ಬಂದಿದ್ದರೆ ಮೂವತ್ತೊಂದು. ಅವಳು ಆ ಒಂದು ಕೊಂಬೆಯನ್ನು ನನ್ನ ಝೆರಾಕ್ಸ್ ನೋಡಿ ಹಾಕಿದ್ದಳು. ಖಾಲಿ ಕಾಗದದ ಮೇಲೆ ನೋಡದೆ ಎಷ್ಟು ಸಲ ಹಾಕಿದರೂ ಅವಳಿಗೆ ಅದೇ ಕೊಂಬೆ ಬಂದಿತ್ತು, ಅಷ್ಟು ಗಟ್ಟಿಯಾಗಿ ಕಲಿತಿದ್ದಳು. ತಪ್ಪನ್ನೂ.

ಹದಿನೇಳು ಅಂಕದವಳಿಗೆ ಅಷ್ಟು ಲೆಕ್ಕ ಮಾಡುವ ಮನಸ್ಸು ಆಗ ಇರಲಿಲ್ಲ. ನನ್ನ ತಲೆಯಲ್ಲಿ ಇದ್ದದ್ದು ಒಂದೇ. ನನ್ನ ನೋಟ್ಸನ್ನು ಎಲ್ಲರಿಗಿಂತ ಮೊದಲು, ಎಲ್ಲರಿಗಿಂತ ಹೆಚ್ಚು ದಿನ ಒಯ್ದಿದ್ದವಳು ಜೇವರ್ಗಿಯವಳು. ಅವಳ ಎಲ್ಲ ಪ್ರಶ್ನೆಗಳೂ ಅದರಿಂದಲೇ ಹುಟ್ಟಿದ್ದವು. ಹಾಗಾದರೆ ಹದಿನಾಲ್ಕರಲ್ಲಿ ಅವಳು ಯಾಕೆ ಇಲ್ಲ?

ಸಂಜೆ, ಅವಳ ಅತ್ತೆಯ ಮನೆಯ ದಾರಿಯಲ್ಲೇ ಇದ್ದ ಬಸ್ ಸ್ಟ್ಯಾಂಡಿನಲ್ಲಿ ಅವಳನ್ನು ಹಿಡಿದೆ. ಅವಳ ಚೀಲದಿಂದ ಆ ಮಡಚಿದ ನೋಟ್‌ಬುಕ್ ನಾನೇ ಎಳೆದುಕೊಂಡೆ. ಅವಳು ಬಿಡಿಸಿಕೊಳ್ಳಲಿಲ್ಲ. ಹಾರ್ಮೋನಿನ ಪುಟ. ಎಡಗಡೆ ಕೋಳಿ ಅಕ್ಷರದಲ್ಲಿ, 'ಸಕ್ಕರಿ ಬ್ಯಾನಿದಾಗ ಯಾವ ಕೋಶ ಕೆಟ್ಟರ ಇನ್ಸುಲಿನ್ ಬರಂಗಿಲ್ಲ?' ಬಲಗಡೆ 'ಆಲ್ಫಾ' ಎಂದು ಬರೆದು, ಹೊಡೆದು, 'ಬೀಟಾ'. ಕೆಳಗೆ ಸಣ್ಣಕ್ಕೆ, 'ಪುಸ್ತಕ ನೋಡಿದೆ. ಆಕಿ ನೋಟ್ಸ್ ತಪ್ಪು.'

"ಯಾವಾಗ ಗೊತ್ತಾತು?" ಅಂದೆ.

"ಪ್ರಶ್ನಿ ಮಾಡೋವಾಗ್ಲೇ. ನಮ್ಮತ್ತಿಗೆ ಸಕ್ಕರಿ ಬ್ಯಾನಿ ಅದ, ದಿನಾ ಇನ್ಸುಲಿನ್ ತಗೋತಾಳ. ಯಾವುದು ಕೆಟ್ಟದ ಅಂತ ಪ್ರಶ್ನಿ ಬರದೆ. ಉತ್ತರ ನಿನ್ನ ನೋಟ್ಸಿಂದ ಬರದೆ. ಖರೇ ಹೌದೋ ಅಲ್ಲೋ ಅಂತ ಪುಸ್ತಕ ತಗದು ನೋಡಿದೆ. ಅಲ್ಲ."

"ಎರಡ್ ತಿಂಗಳ ಹಿಂದೆ!"

"ಹ್ಞೂಂ."

"ಮತ್ತ ನನಗ ಯಾಕ ಹೇಳಲಿಲ್ಲ ಬೇ? ಬರಿ, ಬರಿ ಅಂದಿ. ಕೈಯಾಗ ಕಲಾ ಅದ ಅಂದಿ!"

ಅವಳು ಚೀಲದ ಪಟ್ಟಿ ಸರಿಮಾಡಿಕೊಂಡಳು. "ಸೀಟಿನ ಸುದ್ದಿ ಬಂದ ಮ್ಯಾಲ ಹೇಳಿದ್ರ ನೀ ಎಲ್ಲಾರಿಗೂ ಹೇಳತಿದ್ದಿ. ಎಲ್ಲಾರೂ ತಿದ್ದಕೋತಿದ್ರು."

"ಮತ್ತ ಬರಿ ಬರಿ ಅಂದಿದ್ದು?"

"ನೀ ಬರಿಯೋದು ಬಿಟ್ರ ಮುಂದಿನ ಪಾಠಕ್ಕ ನಾ ಯಾವುದರ ಮ್ಯಾಲಿಂದ ಪ್ರಶ್ನಿ ಮಾಡ್ಲಿ? ಮೇಡಂ ಹೇಳೋದು ನನಗ ಅಷ್ಟು ಲಗೂನ ಬರಕೊಳ್ಳಾಕ ಆಗಂಗಿಲ್ಲ." ಆಮೇಲೆ ಕತ್ತೆತ್ತಿ ಕೇಳಿದಳು, "ಆದ್ರ ನೀ ಹೇಳು. ಆ ತಪ್ಪು ನಿನಗ ತಿಳೀಲಾರದ ಆಗಿದ್ದೇನು? ನೀ ಯಾವ ಹೆಸರಾಗೂ ಒಂದ್ ಅಕ್ಷರ ತಪ್ಪು ಮಾಡಿದಾಕಿ ಅಲ್ಲ. ಬೇಕಂತ ಹಾಕಿದಿ, ನಮ್ಮನ್ನ ಕೆಡವಾಕ ಹಾಕಿದಿ ಅಂತ ನಾ ತಿಳಕೊಂಡೆ. ತಿಳಕೊಂಡು ಸುಮ್ಮನಾದೆ."

ಮಟಕಿಯಲ್ಲಿ ಮೊಣಕಾಲು ವಾಸಿಮಾಡಿದ ನಾನು ಅವಳ ನೋಟ್‌ಬುಕ್ಕನ್ನು ಮಡಚಿ ಅವಳ ಚೀಲಕ್ಕೇ ವಾಪಸು ಹಾಕಿದೆ. ಕೆಡವಲು ಅಲ್ಲ, ಮೆರೆಯಲು ಹಾಕಿದ್ದು ಎಂದು ಹೇಳಬಹುದಿತ್ತು. ಅದು ಹೇಳಿದರೆ ಇನ್ನೂ ಕೆಟ್ಟದಾಗಿ ಕೇಳಿಸುತ್ತಿತ್ತು.

ಹಿಂದಿನಿಂದ ಒಂದು ದನಿ ಬಂತು. "ಇಬ್ಬರಿಗೂ ಗೊತ್ತಿತ್ತೇನು?"

ಟೇಲರನ ಮಗಳು. ಕೈಯಲ್ಲಿ ಸುತ್ತಿದ ಕಂದು ಕಾಗದ. ಎಷ್ಟು ಹೊತ್ತಿನಿಂದ ನಿಂತಿದ್ದಳೋ.

"ಹಂಗಲ್ಲ," ಅಂದೆ ನಾನು.

"ಆಕಿ ನೋಡಿದ್ದಳಲ್ಲ, ಆಕಿನ್ನ ಕೇಳು," ಅಂದೆ ಮತ್ತೆ.

"ಆಕಿ ಹಾಕಿದ್ದಳಲ್ಲ, ಆಕಿನ್ನ ಕೇಳು," ಅಂದಳು ಜೇವರ್ಗಿಯವಳು.

ಟೇಲರನ ಮಗಳಿಗೆ ಸಿಟ್ಟು ಬಂದಾಗ ಎರಡೂ ಭಾಷೆ ಬರುತ್ತವೆ ಎಂದೆನಲ್ಲ. ಅವತ್ತು ಎರಡೂ ಬರಲಿಲ್ಲ. ಕಂದು ಕಾಗದವನ್ನು ಇನ್ನೊಂದು ಸುತ್ತು ಬಿಗಿಯಾಗಿ ಸುತ್ತಿಕೊಂಡು ಪೇಟೆಯ ಕಡೆ ನಡೆದುಹೋದಳು. ನನ್ನ ಬಸ್ಸು ಬಂತು, ಹೋಯಿತು. ಮುಂದಿನ ಬಸ್ಸಿಗೆ ಹೋದೆ. ದಾರಿಯುದ್ದಕ್ಕೂ ಜೇವರ್ಗಿಯವಳನ್ನು ಬೈದೆ. ನಮ್ಮೂರ ಅಗಸಿ ಹತ್ತಿರವಾದಾಗ ಬೈಗುಳ ಮುಗಿದು, ಬೇರೆ ಯಾರನ್ನು ಬೈಯಬೇಕೆಂದು ಹುಡುಕಿದೆ. ನೋಟ್‌ಬುಕ್ಕನ್ನು ಬೈದೆ. ನಾಲ್ಕು ಸಲ ಮೈಬಗ್ಗಿಸಿ ಬರೆದವಳಿಗೆ ಇಷ್ಟು ಮೋಸ ಮಾಡಬಾರದು ಒಂದು ನೋಟ್‌ಬುಕ್ಕು.

ಎರಡು ದಿನ ಬಿಟ್ಟು ಮೇಡಂ ಹತ್ತಿರ ಹೋಗಿ ಎಲ್ಲ ಹೇಳಿದೆ. ಎಲ್ಲ ಅಂದರೆ, ಬಲೆಯ ಭಾಗವನ್ನು ಸ್ವಲ್ಪ ಮೃದು ಮಾಡಿ. ಮೇಡಂ ಅದನ್ನು ಮತ್ತೆ ಗಟ್ಟಿಮಾಡಿಯೇ ಕೇಳಿಸಿಕೊಂಡರು.

"ಆ ಸೀಟ್ ಟೇಲರನ ಮಗಳಿಗೆ ಕೊಡ್ರಿ ಮೇಡಂ. ಆಕಿದು ತಪ್ಪಿಲ್ಲ," ಅಂದೆ.

"ಹೆಸರು ಹೋಗ್ಯಾದ. ಮತ್ತ ಆಕಿದೂ ತಪ್ಪದ," ಅಂದರು. "ಪುಸ್ತಕ ಆಕಿ ಚೀಲದಾಗೇ ಇತ್ತು. ಮ್ಯಾಪ್ ಹಾಕೋದಿದ್ರ ಪುಸ್ತಕದಿಂದ ಹಾಕಬೇಕಿತ್ತು. ನಿನ್ನ ಹೂವು ನೋಡಿ ನಂಬಿದಳು, ಪಾಪ." ಆಮೇಲೆ ಕನ್ನಡಕ ತೆಗೆದು, "ಹೋಗು. ಇನ್ನ ಮುಂದ ಯಾರಿಗೂ ನೋಟ್ಸ್ ಕೊಡಬ್ಯಾಡ. ಪ್ರಶ್ನಿ ಕೊಡು. ಪ್ರಶ್ನಿದಾಗ ಇಷ್ಟ್ ಮೋಸ ಮಾಡಾಕ ಆಗಂಗಿಲ್ಲ," ಅಂದರು.

ಹೀಗೆ ಜೇವರ್ಗಿಯವಳು ಭಾನುವಾರ ಭಾನುವಾರ ಅಫಜಲಪುರಕ್ಕೆ ಹೋಗತೊಡಗಿದಳು. ಎರಡು ಬಸ್ಸು ಬದಲಿಸಬೇಕು. ಎರಡನೆಯದರ ತುಂಬ ಗಾಣಗಾಪುರಕ್ಕೆ ಹೊರಟ ಭಕ್ತರು, ಅವರು ಚೌಡಾಪುರದಲ್ಲಿ ಇಳಿದ ಮೇಲೆಯೇ ಕೂಡಲು ಜಾಗವಂತೆ. ಅಲ್ಲಿಯವರೆಗೆ ಒಂದು ಕೈಯಲ್ಲಿ ಕಂಬ, ಒಂದು ಕೈಯಲ್ಲಿ ಮಡಚಿದ ಪುಟ ಹಿಡಿದು ನಿಂತೇ ಓದುತ್ತಾಳಂತೆ. ಇದೆಲ್ಲ ನಾನು ಕೇಳಿರಲಿಲ್ಲ. ಪಕ್ಕದ ಬೆಂಚಿನವಳಿಗೆ ಹೇಳುವಾಗ ಕಿವಿಗೆ ಬಿತ್ತು. ನನ್ನ ಕಿವಿ ಆ ಕಡೆಯೇ ಇದ್ದದ್ದು ನನ್ನ ತಪ್ಪಲ್ಲ.

ನಾನೂ ಪುಟ ಮಡಚಲು ಕಲಿತೆ. ಹೊದಿಕೆ ಹಾಕಿಟ್ಟಿದ್ದ ಪಠ್ಯಪುಸ್ತಕ ತೆರೆದೆ. ಅದು ಒಣಗಿದ ರೊಟ್ಟಿಯ ಹಾಗೆ ಕಟಕಟ ಅಂತು. ಒಂದು ಬಣ್ಣದ ಪೆನ್ನು, ಹೂವಿಲ್ಲ. ಮೊದಲ ವಾರ ಎಲ್ಲ ಪ್ರಶ್ನೆಗೂ ಚುಕ್ಕೆ ಬಿದ್ದು ಪುಟಕ್ಕೆ ದಡಾರ ಎದ್ದ ಹಾಗಾಯಿತು. ಅವ್ವ ರೊಟ್ಟಿ ಬಡಿಯುತ್ತ ಪ್ರಶ್ನೆ ಓದಿ ಕೇಳುತ್ತಿದ್ದಳು, ನಾನು ತಡವರಿಸಿದರೆ, "ಇಷ್ಟೂ ಬರಂಗಿಲ್ಲಾ? ಮತ್ತ ಆ ಮುದುಕನ ಮೊಣಕಾಲ ಹ್ಯಾಂಗ ನೋಡಿದಿ?" ಎಂದು ಕೋಲಿನ ಬದಲು ಮಾತಿನಲ್ಲೇ ಹೊಡೆಯುತ್ತಿದ್ದಳು. ಪ್ರಾಣಿ ಸಾಮ್ರಾಜ್ಯಕ್ಕೆ ಮಾತ್ರ ಪ್ರಶ್ನೆ ಸಾಲಲಿಲ್ಲ. ಯಾವುದು ಯಾರ ಪಕ್ಕ ಎಂದು ಗೊತ್ತಾಗಲು ಮ್ಯಾಪೇ ಬೇಕಾಯಿತು. ಒಂದು ಹಾಕಿದೆ, ಮಡಚಿಟ್ಟು ನೋಡದೆ ಮತ್ತೊಂದು ಹಾಕಿದೆ. ಹಕ್ಕಿ ಬರೆಯಲಿಲ್ಲ, ಹಕ್ಕಿಗಳ ಕೊಂಬೆಯೊಂದನ್ನು ಬಿಟ್ಟು.

ನಾಲ್ಕನೆಯ ಸೋಮವಾರ ಜೇವರ್ಗಿಯವಳು ಬೆಂಚಿನ ಮೇಲೆ ಎರಡು ಹಾಳೆ ಇಟ್ಟಳು. ಭಾನುವಾರ ಮೇಷ್ಟ್ರು ಹೇಳಿದ ಪಾಠದ ಪ್ರಶ್ನೆಗಳು, ಉತ್ತರ ಸಮೇತ. ಒಂದು ನನಗೆ, ಒಂದು ಟೇಲರನ ಮಗಳಿಗೆ. ಕ್ಷಮೆಯ ಮಾತೂ ಇಲ್ಲ, ನಗುವೂ ಇಲ್ಲ. ಟೇಲರನ ಮಗಳು ಹಾಳೆ ತಗೊಂಡಳು. ಪಠ್ಯಪುಸ್ತಕ ತೆಗೆದು ಒಂದೊಂದೇ ಉತ್ತರಕ್ಕೆ ಪುಟ ಹುಡುಕಿ, ಹೊಂದಿಸಿ, ಸರಿ ಗುರುತು ಹಾಕುತ್ತ ಹೋದಳು. ಜೇವರ್ಗಿಯವಳ ಎದುರಿಗೇ. ಜೇವರ್ಗಿಯವಳು ಕಿಟಕಿಯ ಹೊರಗೆ ನೋಡುತ್ತಿದ್ದಳು.

ನಾನು ಮೊದಲು ಆ ಹಾಳೆ ಮುಟ್ಟಲಿಲ್ಲ. ಪೀರಿಯಡ್ ಮುಗಿಯುವ ಹೊತ್ತಿಗೆ ಮುಟ್ಟಿದೆ. ಮನೆಗೆ ಒಯ್ದು ನಾನೂ ಪುಸ್ತಕ ತೆರೆದು ಕೂತೆ. ಒಂದಾದರೂ ತಪ್ಪು ಸಿಗಲಿ ಎಂದು ಹುಡುಕಿದ್ದಷ್ಟು ನಾನು ಏನನ್ನೂ ಹುಡುಕಿಲ್ಲ. ಇಪ್ಪತ್ತೆರಡು ಪ್ರಶ್ನೆ, ಇಪ್ಪತ್ತೆರಡೂ ಸರಿ. ಹುಡುಕುವ ಭರದಲ್ಲಿ ಪಾಠ ಬಾಯಿಗೆ ಬಂದಿತ್ತು. ಅದಕ್ಕೇ ಇನ್ನಷ್ಟು ಸಿಟ್ಟು ಬಂತು.

ನಾವು ಈಗಲೂ ಒಂದೇ ಬೆಂಚಿನಲ್ಲಿ ಕೂಡುತ್ತೇವೆ, ಬೇರೆ ಬೆಂಚು ಖಾಲಿ ಇಲ್ಲ. ಟೇಲರನ ಮಗಳು ನಡುವೆ. ಮಾತು ಶುರುವಾಗಿದೆ, ಬುತ್ತಿಯ ಚಟ್ನಿಯೂ ಕೈ ಬದಲಿಸುತ್ತದೆ. ಆದರೆ ನಾನು, "ಮುಂದಿನ ಪೀರಿಯಡ್ ಕೆಮಿಸ್ಟ್ರಿ" ಅಂದರೆ ನಡುವಿನವಳು ಹೌದೆನ್ನುವುದಿಲ್ಲ. ಎದ್ದು, ಗೋಡೆಯ ಮೇಲಿನ ವೇಳಾಪಟ್ಟಿ ನೋಡಿ ಬಂದು, ಆಮೇಲೆ ಪುಸ್ತಕ ತೆಗೆಯುತ್ತಾಳೆ.